ಭೀಮಶಿ ಬಿಚ್ಚದ ಬೂಟು

ಭೀಮಶಿ ತೀರಿಕೊಂಡು ಎರಡು ತಿಂಗಳಾಯಿತು. ಬೈಲಹೊಂಗಲ ಬಸ್ ನಿಲ್ದಾಣದ ಎದುರು ಅವನು ಚಪ್ಪಲಿ, ಬ್ಯಾಗು ರಿಪೇರಿ ಮಾಡುತ್ತಿದ್ದ ಡಬ್ಬಿ ಅಂಗಡಿಗೆ ಬೀಗ ಬಿದ್ದಿದೆ. ಮನೆಯಲ್ಲಿ ಅವನ ಕರಿ ಪೇಟೆಂಟ್ ಲೆದರ್ ಬೂಟು ಮಾತ್ರ ಹಳೇ ಧೋತರದ ತುಂಡಿನೊಳಗೆ ಹಾಗೆಯೇ ಇದೆ. ಮುಖ ಕಾಣುವಂಥ ಹೊಳಪು, ಒಂದೂ ಬಿರುಕಿಲ್ಲ.

ಆ ಹೊಳಪು ಚರ್ಮದ ಮೇಲಿನ ಪೊರೆ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಅವನು ದಣಿದಿದ್ದ. ಸಾದಾ ಪಾಲಿಶ್ ತಿಕ್ಕಿದರೆ ಮಬ್ಬಾಗುತ್ತದೆ, ಬಿಸಿಲಿಗಿಟ್ಟರೆ ಸೀಳುತ್ತದೆ. ಹಸಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ವ್ಯಾಪಾರಸ್ಥರ ಮನೆಯ ಅನ್ನಪೂರ್ಣಾ ಒಮ್ಮೆ ಬಿಳಿ ಪೇಟೆಂಟ್ ಬ್ಯಾಗು ತಂದಳು. ಕಪಾಟಿನಲ್ಲಿ ಕೆಂಪು ಬ್ಯಾಗಿಗೆ ಒತ್ತಿಕೊಂಡು ಮಗ್ಗುಲೆಲ್ಲ ಕೆಂಪಾಗಿತ್ತು.

“ಬಣ್ಣ ಪೊರಿಯೊಳಗ ಇಳದೈತ್ರಿ ಅಕ್ಕಾರ, ಹೋಗೂದಿಲ್ಲ. ಬ್ಯಾರೆ ಬ್ಯಾರೆ ಬಿಳಿ ಅರಿವ್ಯಾಗ ಸುತ್ತಿಡಬೇಕಿತ್ತು.”

“‘ನನಗ ಬರೂದಿಲ್ಲ’ ಅನ್ನು. ಕತಿ ಹೇಳಬ್ಯಾಡ.”

ಅದರ ಮುಂದಿನ ಮೇ ತಿಂಗಳಲ್ಲಿ ಅವನ ಮಗಳು ಪ್ರಣಿತಾ ಹತ್ತನೆಯ ತರಗತಿಯಲ್ಲಿ ತಾಲೂಕಿಗೇ ಮೊದಲು ಬಂದಳು. ಕಲ್ಯಾಣ ಮಂಟಪದಲ್ಲಿ ಸತ್ಕಾರ. ಅದಕ್ಕೆಂದೇ ಭೀಮಶಿ ಬೆಳಗಾವಿಯಿಂದ ಆ ಬೂಟು ತಂದಿದ್ದ. ಜಮಖಾನ ಹಾಸಿದ್ದರಿಂದ ಎಲ್ಲರೂ ಬಾಗಿಲಲ್ಲೇ ಕಾಲುಮೆಟ್ಟು ಬಿಡುತ್ತಿದ್ದರು. ಅವನು ಲೇಸಿಗೆ ಕೈ ಹಾಕುವಷ್ಟರಲ್ಲಿ ಅನ್ನಪೂರ್ಣಾ ಬಂದು ಹೊಸ ಬಿಳಿ ಪೇಟೆಂಟ್ ಸ್ಯಾಂಡಲ್ ಕಳಚಿದಳು.

“ಭೀಮಶಿ, ನೀ ಬಲ್ಲಾಂವ. ಇವಕ್ಕ ಯಾವ ಬಣ್ಣದ್ದೂ ಹತ್ತಗೊಡಬ್ಯಾಡ. ಬಿಸಲಾಗೂ ಬಿಡಬ್ಯಾಡ.”

“ಒಳಗ ಮಗಳ ಸತ್ಕಾರ ಐತ್ರಿ.”

“ಹೆಸರ ಕರದಾಗ ಹೋಗೀಯಂತ.”

ಅವನು ಸ್ಯಾಂಡಲ್ ಅನ್ನು ತನ್ನ ಬಿಳಿ ಟವೆಲ್ಲಿನಲ್ಲಿ ಸುತ್ತಿ ನೆರಳಿಗಿಟ್ಟ. ಅದನ್ನು ಕಂಡ ಉಳಿದ ಹೆಂಗಸರಿಗೂ ಧೈರ್ಯ ಬಂತು. “ಇವನ್ನೂ ನೋಡಕೊಳ್ಳಪಾ,” ಎನ್ನುತ್ತ ಕೆಂಪು, ಕರಿ, ಹಳದಿ, ಆರು ಜೋಡಿ ಬಿಟ್ಟು ಹೋದರು. ಟವೆಲ್ ಒಂದೇ. ನೆರಳು ಗೇಣುಗೇಣಾಗಿ ಸರಿಯುತ್ತಿತ್ತು. ಅವನೂ ಒಂದೊಂದೇ ಜೋಡಿ ಸರಿಸುತ್ತ ಹೋದ. ಕುಕ್ಕರಗಾಲಲ್ಲಿ ಕೂತರೆ ಹೊಸ ಬೂಟಿನ ಮೂಗು ಮಡಚಿ ಬಿರಿಯುತ್ತದೆಂದು ಪ್ರತಿ ಸಲವೂ ನಿಂತೇ ಬಗ್ಗಿದ.

ಪ್ರಣಿತಾಳ ಹೆಸರು ಕರೆದಾಗ ಅವನ ಎರಡೂ ಕೈಯಲ್ಲಿ ಬೇರೆಯವರ ಚಪ್ಪಲಿ ಇದ್ದವು. ಚಪ್ಪಾಳೆ ಕೇಳಿಸಿತು. ಕೆಳಗಿಡಲು ನೆರಳಿನ ಜಾಗ ಹುಡುಕುವಷ್ಟರಲ್ಲಿ ಚಪ್ಪಾಳೆ ನಿಂತೂ ಹೋಯಿತು.

ಸತ್ಕಾರ ಮುಗಿದು ಹೊರಬಂದ ಅನ್ನಪೂರ್ಣಾ ಸ್ಯಾಂಡಲ್ ತಿರುವಿ ತಿರುವಿ ನೋಡಿದಳು. “ನೋಡ, ಮನಸ್ಸ ಮಾಡಿದ್ರ ಬರತೈತಿ ನಿನಗ.”

ಹಿಂದೆಯೇ ಶಾಲು ಹೊದ್ದ ಪ್ರಣಿತಾ ಬಂದಳು. “ಅಪ್ಪಾ, ಮುಂದಿನ ಸಾಲಿನ್ಯಾಗ ನಿನ್ನ ಕುರ್ಚಿ ಖಾಲಿನಽ ಇತ್ತು.”

“ಬಿಸಲ ಬಂದಿತ್ತವ್ವಾ,” ಎಂದ ಭೀಮಶಿ.

ಅವಳು ಅವನ ಕಾಲು ನೋಡಿದಳು. ಅವತ್ತು ಆ ಬಾಗಿಲಿಗೆ ಬಂದವರಲ್ಲಿ ಬೂಟು ಬಿಚ್ಚದೆ ಉಳಿದವನು ಅವನೊಬ್ಬನೇ. ಮನೆಗೆ ಹೋಗಿ ಒರೆಸಿ, ಒಳಗೆ ಬಿಳಿ ಕಾಗದ ತುರುಕಿ, ಧೋತರದಲ್ಲಿ ಸುತ್ತಿಟ್ಟ. ಮತ್ತೆ ಹಾಕಲಿಲ್ಲ.