ಹತ್ತು ಪರ್ಸೆಂಟಿನ ಯಂತ್ರ

ಹಿರಿಯೂರಿನ ಎಣ್ಣೆ ಮಿಲ್ಲಿನ ಯಜಮಾನರು ಮೂರು ಲಕ್ಷದ ಯಂತ್ರವನ್ನು ಲೀಸಿಗೆ ತಂದಿದ್ದರು. ವರ್ಷಕ್ಕೊಂದರಂತೆ ಮೂರು ಕಂತು, ತಲಾ ಒಂದು ಲಕ್ಷ ಮೂವತ್ತು ಸಾವಿರ. ಮೊದಲನೆಯದನ್ನು ಸಹಿ ಹಾಕಿದ ದಿನವೇ ಕಟ್ಟಿದ್ದರು. ಬಡ್ಡಿ ಹತ್ತೇ ಪರ್ಸೆಂಟ್ ಎಂದಿದ್ದ ಲೀಸ್ ಕಂಪನಿಯ ಏಜೆಂಟ್.

ಅವರ ಲೆಕ್ಕ ನೋಡುವ, ಚಿತ್ರದುರ್ಗದ ನಮ್ಮ ಆಡಿಟರ್ ಕಚೇರಿಯಲ್ಲಿ ಕಂತಿನ ಪಟ್ಟಿ ಮಾಡಲು ಕುಳಿತೆ. ಮೊದಲ ಕಂತು ಕಳೆದರೆ ನಿಜವಾದ ಸಾಲ ಒಂದು ಲಕ್ಷ ಎಪ್ಪತ್ತು ಸಾವಿರ ಮಾತ್ರ. ಉಳಿದೆರಡು ಕಂತಿಗೆ ಹೊಂದುವ ಬಡ್ಡಿದರ ಹುಡುಕಿದರೆ ಹತ್ತಿರ ಹತ್ತಿರ ಮೂವತ್ನಾಲ್ಕು ಪರ್ಸೆಂಟ್! ಮೈ ಉರಿದು ಏಜೆಂಟನನ್ನು ಕರೆಸಿದೆ.

"ಹಗಲುದರೋಡೆ ಅಲ್ವೇನಯ್ಯ ಇದು?"

"ನನ್ನ್ಯಾಕೆ ಬೈತೀರಿ ಸಾರ್? ಸಹಿಗೆ ಮುಂಚೆ ಯಜಮಾನ್ರು ನಿಮಗೇ ತೋರ್ಸಿದ್ರಲ್ಲ" ಎಂದು ಕರಾರುಪತ್ರ ಚಾಚಿದ.

ಅಂಚಿನಲ್ಲಿ 'ಲೆಕ್ಕ ಸರಿಯಿದೆ' ಎಂದಿತ್ತು, ನನ್ನದೇ ಕೈಬರಹ. ಅಂದು ಮೂರು ಲಕ್ಷಕ್ಕೆ ಹತ್ತು ಪರ್ಸೆಂಟಿನಂತೆ ಮೂರು ವರ್ಷಕ್ಕೆ ತೊಂಬತ್ತು ಸಾವಿರ ಬಡ್ಡಿ ಎಂಬ ಗುಣಾಕಾರವನ್ನಷ್ಟೇ ನೋಡಿದ್ದೆ, ಕಂತಿನ ತಾರೀಖು ನೋಡಿರಲಿಲ್ಲ.