ಹಳದಿಯ ಮೇಲೆ ನನಗಿದ್ದ ಭಕ್ತಿ

ಜುಬೈದಾ ಎದುರಿಗೆ ನಾನು ಪೆದ್ದನಾದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮೊದಲ ಸಲ ಮಾತ್ರ ಚೆನ್ನಾಗಿ ನೆನಪಿದೆ.

೨೦೦೬ರಲ್ಲಿ ಬ್ಯಾಂಕು ನನ್ನನ್ನು ಮೈಸೂರಿನಿಂದ ಕೊಚ್ಚಿಗೆ ವರ್ಗ ಮಾಡಿತು. ಅದೇ ವರ್ಷ ನನ್ನ ಹೆಂಡತಿ ರತ್ನಳ ಎರಡೂ ಮೂತ್ರಪಿಂಡಗಳು ಕೈಕೊಟ್ಟು, ವಾರಕ್ಕೆರಡು ದಿನ ಡಯಾಲಿಸಿಸ್ ಶುರುವಾಯಿತು. ಜುಬೈದಾ ಆ ಆಸ್ಪತ್ರೆಯ ಆಹಾರತಜ್ಞೆ. ಮಂಜೇಶ್ವರದವರು, ಕನ್ನಡ ಶಾಲೆಯಲ್ಲಿ ಓದಿದವರು. ಕುಳ್ಳಗಿನ ಹೆಂಗಸು, ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ರೋಗಿಗಳು ಚಿಪ್ಸ್ ಪೊಟ್ಟಣವನ್ನು ದಿಂಬಿನಡಿ ಸೇರಿಸುತ್ತಿದ್ದರು.

"ಅಕ್ಕನಿಗೆ ದಿನಕ್ಕೆ ಮೂರು ಮೊಟ್ಟೆಯ ಬಿಳಿ, ಬೇಯಿಸಿ ಕೊಡಿ," ಎಂದರು. "ಹಳದಿ ಬೇಡ."

"ನಾವು ಮೊಟ್ಟೆ ಮುಟ್ಟೋರಲ್ಲ ಮೇಡಂ," ಎಂದೆ.

"ನೀವು ಮುಟ್ಟಿದ್ರೆ ಸಾಕು ಸಾರ್. ತಿನ್ಲಿಕ್ಕಿರುವುದು ಅವರು."

ಆಮೇಲೆ ಸಮಾಧಾನವಾಗಿ ವಿವರಿಸಿದರು. ಪ್ರತಿ ಡಯಾಲಿಸಿಸ್‌ನಲ್ಲೂ ಒಂದಿಷ್ಟು ಪ್ರೋಟೀನಿನಂಶ ಹರಿದುಹೋಗುತ್ತದೆ. ರತ್ನಳ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ೨.೮ಕ್ಕೆ ಇಳಿದಿತ್ತು, ಅದು ಮೇಲೇರದಿದ್ದರೆ ಸಣ್ಣ ಸೋಂಕೂ ಅವಳನ್ನು ಕೆಡವಬಹುದು. ಬೇಳೆಯ ಪ್ರೋಟೀನಿನಲ್ಲಿ ಒಂದಲ್ಲ ಒಂದು ಕೊರತೆ. ಮೊಟ್ಟೆಯದರಲ್ಲಿ ದೇಹ ತಾನಾಗಿ ತಯಾರಿಸಲಾರದ ಅಮೈನೋ ಆಮ್ಲಗಳೆಲ್ಲ ಬೇಕಾದ ಪ್ರಮಾಣದಲ್ಲಿವೆ, ತಿಂದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೈಗೆ ಹತ್ತುತ್ತದೆ. ರತ್ನ ಕಣ್ಣು ಮುಚ್ಚಿಕೊಂಡು, ಔಷಧಿ ಅಂದುಕೊಂಡು ತಿನ್ನಲು ಒಪ್ಪಿದಳು.

ಮದುವೆಯಾಗಿ ಇಪ್ಪತ್ತೆರಡು ವರ್ಷ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುತ್ತಿದ್ದ ನಾನು ಮೊಟ್ಟೆ ಬೇಯಿಸಲು, ಉಪ್ಪಿಟ್ಟು ಮಾಡಲು ಕಲಿತೆ. ಆದರೆ ಅಷ್ಟಕ್ಕೇ ಸುಮ್ಮನಿರುವ ಜಾಯಮಾನ ನನ್ನದಲ್ಲವಲ್ಲ. ಪತ್ರಿಕೆಯ ಪುರವಣಿಯೊಂದರಲ್ಲಿ ಓದಿದೆ: ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು, ಅದರಲ್ಲಿ ಎರಡೂವರೆಗೂ ಮಿಕ್ಕಿ ಹಳದಿಯಲ್ಲೇ. ಎ, ಡಿ, ಬಿ೧೨ ಜೀವಸತ್ವ, ಕಬ್ಬಿಣ, ಕೊಬ್ಬು, ಎಲ್ಲ ಹಳದಿಯ ಪಾಲು. ಬಿಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ನೀರು. ಅಯ್ಯೋ ಶಿವನೇ, ಸಾರವನ್ನೆಲ್ಲ ಎಸೆದು ಹೆಂಡತಿಗೆ ನೀರು ತಿನ್ನಿಸುತ್ತಿದ್ದೇನೆ ಎನ್ನಿಸಿತು. ಜುಬೈದಾ ಓದಿದವರು ಇರಬಹುದು, ನಾನೇನು ಓದದವನೇ?

ಅಂದಿನಿಂದ ಮೂರು ಹಳದಿಗಳನ್ನೂ ಪುಡಿ ಮಾಡಿ ಅವಳ ಉಪ್ಪಿಟ್ಟಿಗೆ ಕಲಸತೊಡಗಿದೆ. ಕದ್ದು ಉಪಕಾರ ಮಾಡುವುದರಲ್ಲಿ ಇರುವ ಖುಷಿಯೇ ಬೇರೆ. ಕನ್ನಡಿಯಲ್ಲಿ ಮುಖ ನೋಡಿಕೊಂಡು ಎರಡು ಸಲ ನಕ್ಕಿದ್ದೂ ಉಂಟು.

ಎರಡು ತಿಂಗಳಲ್ಲಿ ಆಲ್ಬುಮಿನ್ ೩.೩ಕ್ಕೆ ಏರಿತು. ನನ್ನ ಹಳದಿಯ ಪ್ರತಾಪ ಎಂದು ಬೀಗಿದೆ. ಆದರೆ ರತ್ನಳಿಗೆ ಮೈಯೆಲ್ಲ ತುರಿಕೆ. ಕೆರೆದು ಕೆರೆದು ತೋಳಿನಲ್ಲಿ ರಕ್ತ. ರಕ್ತದಲ್ಲಿ ಫಾಸ್ಫರಸ್ ೭.೯, ಮಿತಿ ಮೀರಿದೆ ಎಂದು ವರದಿ ಬಂತು. ಡಾಕ್ಟರು ಅವಳನ್ನೇ ಗದರಿದರು, ಅದನ್ನು ತಗ್ಗಿಸಲು ಊಟದ ಜೊತೆ ಕೊಟ್ಟ ಮಾತ್ರೆ ನುಂಗುತ್ತಿಲ್ಲ ಎಂದು. ಅವಳು ತಲೆ ತಗ್ಗಿಸಿದಳು. ನಾನೂ ಪಕ್ಕದಲ್ಲಿ ನಿಂತು ಲೊಚಗುಟ್ಟಿದೆ.

ಮುಂದಿನ ಡಯಾಲಿಸಿಸ್ ದಿನ ಜುಬೈದಾ ಬಂದು ಅವಳ ತಿಂಡಿ ಡಬ್ಬಿ ತೆರೆದರು.

"ಉಪ್ಪಿಟ್ಟು ಎಂತ ಇಷ್ಟು ಹಳದಿ?"

"ಅರಿಶಿನ," ಎಂದೆ.

ಒಂದು ಚಿಟಿಕೆ ತೆಗೆದು ಮೂಸಿದರು. "ನಾನು ಹಲ್ಲು ಬಂದಾಗಿನಿಂದ ಮೊಟ್ಟೆ ತಿಂತಾ ಇದ್ದೇನೆ ಸಾರ್. ನನಗೆ ಅರಿಶಿನ ತೋರಿಸ್ಬೇಡಿ."

ಪುರವಣಿಯಲ್ಲಿ ಓದಿದ್ದನ್ನೆಲ್ಲ ಒದರಿದೆ.

"ನೀವು ಓದಿದ್ದು ಸರಿಯೇ," ಎಂದರು. "ಗಟ್ಟಿಮುಟ್ಟಾಗಿರುವವರಿಗೆ ಹಳದಿ ಬಿಸಾಡ್ಲಿಕ್ಕೆ ನಾನೂ ಹೇಳುದಿಲ್ಲ. ಆದ್ರೆ ಮೊಟ್ಟೆಯ ಫಾಸ್ಫರಸ್ ಹೆಚ್ಚುಕಮ್ಮಿ ಪೂರ್ತಿ ಹಳದಿಯಲ್ಲೇ ಇರುವುದು ಮಾರಾಯ್ರೆ. ಅದನ್ನು ಹೊರಗೆ ಹಾಕುವ ಕಿಡ್ನಿ ಅಕ್ಕನಿಗಿಲ್ಲ. ಮೆಷಿನು ಸ್ವಲ್ಪ ತೆಗೀತದೆ, ಉಳಿದದ್ದು ರಕ್ತದಲ್ಲೇ. ಮೊದ್ಲು ತುರಿಕೆ, ಆಮೇಲೆ ಮೂಳೆ ಸವೀತದೆ. ಬಿಳಿಯಲ್ಲಿ ಪ್ರೋಟೀನು ಉಂಟು, ಫಾಸ್ಫರಸ್ ಇಲ್ಲ ಅನ್ನುವಷ್ಟು ಕಡಿಮೆ. ಆಲ್ಬುಮಿನ್ ಏರಿಸ್ಲಿಕ್ಕೆ ಆ ಬಿಳಿಯೇ ಸಾಕಿತ್ತು."

ಡಾಕ್ಟರ ಬಳಿಗೆ ಅವರೇ ನನ್ನನ್ನು ಕರೆದೊಯ್ದರು. ಮಾತ್ರೆ ತಪ್ಪಿಸಿದ್ದು ಅವಳಲ್ಲ, ವಿಷ ಹಾಕಿದ್ದು ನಾನು ಎಂದು ಒಪ್ಪಿಕೊಂಡೆ. ಜುಬೈದಾ ನಗಲಿಲ್ಲ. "ವಿಷ ಅಂತ ಹೇಳ್ಬೇಡಿ ಸಾರ್. ಪ್ರೀತಿ ಇದ್ದವರೇ ನನಗೆ ಹೆಚ್ಚು ಕೆಲಸ ಕೊಡುವುದು," ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು.

ನಾನು ರತ್ನಳ ಪಕ್ಕ ಬಂದು ಕುಳಿತೆ. ನಾಚಿಕೆಯಿಂದ ಸತ್ತುಹೋಗುವ ಹಾಗಿತ್ತು. "ಗೊತ್ತಾಗ್ಲೇ ಇಲ್ವಾ ನಿಂಗೆ?" ಎಂದೆ.

"ಮೊದಲನೇ ತುತ್ತಿಗೇ ಗೊತ್ತಾಯ್ತು," ಎಂದಳು.

"ಮತ್ತೆ ಡಾಕ್ಟ್ರು ಬೈದಾಗ ಯಾಕೆ ಹೇಳ್ಲಿಲ್ಲ?"

ಅವಳು ಸೂಜಿ ಚುಚ್ಚದ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟಳು. "ಇಪ್ಪತ್ತೆರಡು ವರ್ಷಕ್ಕೆ ಮೊದಲನೇ ಸಲ ನೀವು ನಂಗೆ ಅಡುಗೆ ಮಾಡಿ ಹಾಕ್ತಿದ್ರಿ. ಹೇಳಿದ್ರೆ ನಿಲ್ಲಿಸಿಬಿಡ್ತೀರೇನೋ ಅನ್ನಿಸ್ತು."