ಬಿಗಿಯಾದ ಹಸಿರು ಬಳೆ

ಪುಟ್ಟಿ, ಚಿಕ್ಕು, ಬಸಿರಿನ ಮಾತನ್ನು ಎದುರು ಕೂರಿಸಿಕೊಂಡು ಹೇಳಲು ಈ ಅಜ್ಜಿಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟಿ, ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮ ಹೆರಿಗೆಗೆಂದು ರಾವಂದೂರಿನ ಹತ್ತಿರದ ನಮ್ಮ ಮನೆಗೆ ಬಂದಳು. ಆಗ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಮನೆ, ಆ ಬ್ಯಾರನ್ನಿನ ಬಿಸಿ ಘಾಟು ಜಗಲಿಯವರೆಗೂ ಬರುತ್ತಿತ್ತು. ಅವಳು ಅಲ್ಲೇ ಕೂತು ಹುಣಸೆಹಣ್ಣು ಚೀಪುತ್ತಿದ್ದಳು. ಇವತ್ತಿಗೂ ಆ ಘಾಟು ಮೂಗಿಗೆ ಬಡಿದರೆ ಅವಳ ತುಂಬಿದ ಮುಖ ಕಣ್ಣೆದುರು ನಿಲ್ಲುತ್ತದೆ.

ಬಂದ ವಾರವೇ ಆಸ್ಪತ್ರೆಯಲ್ಲಿ ಬಿಪಿ ನೂರೈವತ್ತು ತೋರಿಸಿತು. "ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತವೂ ಸರಿಯಿದೆ. ಸದ್ಯಕ್ಕೆ ಇದು ಬಸಿರಲ್ಲಿ ಬಂದ ಬಿಪಿ ಅಷ್ಟೆ" ಎಂದರು ಡಾಕ್ಟರಮ್ಮ. ಜೊತೆಗೆ ಬಂದಿದ್ದ ನನ್ನ ನಾದಿನಿ, "ನಮ್ಮಣ್ಣನ ಬಿಪಿ ಮಾತ್ರೆ ಮನೇಲೇ ಉಳ್ದದೆ, ಅದ್ನೇ ಕೊಡ್ಲಾ?" ಎಂದಳು. ನಿಮ್ಮ ತಾತ ತೀರಿಕೊಂಡ ಮೇಲೆ ಅವರ ಟೆಲ್ಮಿಸಾರ್ಟನ್ ಮಾತ್ರೆ ಗೋಡೆಯ ಗೂಡಿನಲ್ಲೇ ಇತ್ತು. ಡಾಕ್ಟರಮ್ಮ ಬೆಚ್ಚಿಬಿದ್ದರು. "ಬಸುರಿಗೆ ಅದು ಬೇಡವೇ ಬೇಡ, ಮಗುವಿನ ಕಿಡ್ನಿ ಹಾಳಾಗುತ್ತೆ!" ಬಸುರಿಯರಿಗೆ ಆಗುವ ಲ್ಯಾಬೆಟಲಾಲ್ ಮಾತ್ರೆ ಬರೆದುಕೊಟ್ಟು, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಬಲಪಕ್ಕೆಯ ಕೆಳಗೆ ನೋವು ಬಂದರೆ, ಮುಖ ಕೈ ದಿಢೀರನೆ ಊದಿದರೆ ಕಾಯದೆ ಬನ್ನಿ ಎಂದರು.

ಸೀಮಂತದಲ್ಲಿ ನಾದಿನಿಯೇ ಹಸಿರು ಬಳೆ ತೊಡಿಸಿದಳು. ಗಂಡನಿಲ್ಲದವಳು ನಾನು, ಅಡುಗೆಮನೆಯಲ್ಲಿ ಕೂತು ಗಾಜಿನ ಸದ್ದು ಕೇಳಿಸಿಕೊಂಡೆ. ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಅದೇ ಬಳೆಗಳು ಮಾಂಸದೊಳಗೆ ಹೂತುಹೋಗಿವೆ.

"ಮೈ ಕೈ ತುಂಬ್ಕಂಡದೆ ಕಣತ್ತಿಗೆ. ಗಂಡೇ ಉಟ್ಟೋದು ಬುಡಿ" ಎಂದು ನಾದಿನಿ ನಕ್ಕಳು.

ನಿಮ್ಮಮ್ಮ ನಗಲಿಲ್ಲ. "ಅವ್ವಾ, ನೆನ್ನೆಯಿಂದ ತಲೆ ಸಿಡೀತದೆ. ಕಣ್ಮುಂದೆ ಮಿಂಚು ಮಿಂಚು. ಪಕ್ಕೆನೂ ನೋವು."

"ಗ್ಯಾಸು ಕಣೆ. ಜೀರಿಗೆ ಕಷಾಯ ಕುಡಿ" ಎಂದಳು ನಾದಿನಿ.

ನಾನು ಸೋಪಿನ ನೀರು ತಂದು ಮಗಳ ಕೈ ಹಿಡಿದೆ. ನಾದಿನಿ ಅಡ್ಡ ಬಂದಳು. "ಎರಿಗೆಗೆ ಮುಂಚೆ ತೆಗೀಬಾರ್ದು ಅತ್ತಿಗೆ. ಅದ್ರಲ್ಲೂ ನೀವು ಮುಟ್ಬಾರ್ದು!"

"ಬೆರಳು ನೀಲಿ ಆಗ್ತಾವೆ ಕಣೆ. ನಾನೇ ತೆಗೀತೀನಿ. ನೀನು ನೂರೆಂಟಕ್ಕೆ ಫೋನ್ ಮಾಡು."

ಅಷ್ಟು ಜೋರಾಗಿ ನಾನು ಅದಕ್ಕೂ ಮೊದಲು ಮಾತಾಡಿದ್ದಿಲ್ಲ. ಬಳೆ ತೆಗೆಯುವಾಗ ಒಂದೆರಡು ಒಡೆದವು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಫೋನ್ ಮಾಡಿದಳು.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಬಿಪಿ ನೂರೆಪ್ಪತ್ತು ದಾಟಿತ್ತು. ಮೂತ್ರದಲ್ಲಿ ಪ್ರೋಟೀನ್ ಬಂದಿತ್ತು. ಈಗ ಇದು ಬರೀ ಬಿಪಿ ಅಲ್ಲ, ಪ್ರಿಎಕ್ಲಾಂಪ್ಸಿಯಾ ಎಂಬ ಬಸಿರಿನ ಕಾಯಿಲೆ, ಫಿಟ್ಸ್ ಬರಬಹುದು ಎಂದರು. ಬಿಪಿ ಇಳಿಸಲು ಔಷಧ ಕೊಟ್ಟು, ಫಿಟ್ಸ್ ತಡೆಯಲು ಮೆಗ್ನೀಸಿಯಮ್ ಇಂಜೆಕ್ಷನ್ ಹಾಕಿ ಮೈಸೂರಿಗೆ ಕಳಿಸಿದರು. ಅಲ್ಲಿ ಪುಟ್ಟಿ, ನೀನು ದಿನ ತುಂಬಲು ಇನ್ನೂ ಒಂದು ತಿಂಗಳಿರುವಾಗಲೇ ಹುಟ್ಟಿದೆ, ನನ್ನ ಮೊಳಕೈ ಉದ್ದಕ್ಕೆ. ನಾದಿನಿ ನಿನ್ನ ಮುಖ ನೋಡಿ ಅತ್ತಳು. "ಇಷ್ಟೇ ಇಷ್ಟು ಇದ್ಕಂಡು ನಮ್ಮನ್ನೆಲ್ಲ ಆಡಿಸ್ಬುಟ್ಲಲ್ಲ, ಸುಂದ್ರಿ!" ಎಂದಳು.

ಹೆರಿಗೆಯಾದ ಮೇಲೂ ಕೆಲವು ವಾರ ನಿಮ್ಮಮ್ಮನಿಗೆ ಬಿಪಿ ಮಾತ್ರೆ ಬೇಕಾಯಿತು. ಚಿಕ್ಕು, ನೀನು ಹೊಟ್ಟೆಯಲ್ಲಿದ್ದಾಗ ಮೂರು ತಿಂಗಳು ತುಂಬುತ್ತಲೇ, ಅದು ಮತ್ತೆ ಬಾರದಿರಲೆಂದು ಡಾಕ್ಟರಮ್ಮ ದಿನಕ್ಕೊಂದು ಸಣ್ಣ ಆಸ್ಪಿರಿನ್ ಶುರು ಮಾಡಿದರು.

ತಾಯಿಗೆ ಬಂದದ್ದು ಮಗಳಿಗೂ ಬರಬಹುದಂತೆ. ಪುಟ್ಟಿ, ನಿನಗೆ ಆ ಕಾಲ ಬಂದಾಗ ಮೊದಲ ದಿನವೇ ಡಾಕ್ಟರಿಗೆ ಇದನ್ನು ಹೇಳಬೇಕು. ಆಗ ನಾನು ಇರುತ್ತೇನೋ ಇಲ್ಲವೋ. ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಟ್ಟಿರಿ.